ಒಂದೇ H(z), ಮೂರು ಆರ್‌ಒಸಿ: ಯಾವುದನ್ನು ಹಿಡಿಯಬೇಕು?

ಪ್ರಶ್ನೆ: H(z) ಕೊಟ್ಟಿದ್ದಾರೆ, ಪೋಲ್‌ಗಳು 0.5 ಮತ್ತು 2. ಆರ್‌ಒಸಿ ಮೂರು ಥರ ಬರುತ್ತೆ ಅಂತಾರೆ. ಅದರಲ್ಲಿ ಸರಿ ಯಾವುದು? ಪೋಲ್ ಯುನಿಟ್ ಸರ್ಕಲ್‌ನ ಹೊರಗಿದ್ದರೆ ಸಿಸ್ಟಮ್ ಅನ್‌ಸ್ಟೇಬಲ್ ಅಲ್ವಾ? ಮತ್ತೆ ಉತ್ತರದಲ್ಲಿ ಸ್ಟೇಬಲ್ ಅಂತ ಹೇಗೆ ಬರೆದಿದ್ದಾರೆ?

ಉತ್ತರ:

ಮೂರೂ ಸರಿ. ಅವು ಒಂದೇ ಸಿಸ್ಟಮ್‌ಗೆ ಸಿಕ್ಕ ಮೂರು ಉತ್ತರಗಳಲ್ಲ, ಮೂರು ಬೇರೆ ಬೇರೆ ಸಿಸ್ಟಮ್‌ಗಳು. ಆರ್‌ಒಸಿ ಅಂದರೆ ಝಡ್-ಟ್ರಾನ್ಸ್‌ಫಾರ್ಮ್ ಮೊತ್ತ ಮುಗಿಯುವ ಸಂಖ್ಯೆಯಾಗುವ z ಬೆಲೆಗಳ ಜಾಗ. H(z) ಬರೆದು ಆರ್‌ಒಸಿ ಬರೆಯದಿದ್ದರೆ ಯಾವ ಸಿಸ್ಟಮ್ ಅಂತ ಇನ್ನೂ ಹೇಳಿಲ್ಲ ಎಂದೇ ಲೆಕ್ಕ.

ನ್ಯೂಮರೇಟರ್ ಏನು ಅಂತ ನೀವು ಬರೆದಿಲ್ಲ. ಲೆಕ್ಕ ಸುಲಭವಾಗಲಿ ಅಂತ ನಾನು ಇದನ್ನು ತಗೊಳ್ಳುತ್ತೇನೆ:

```
H(z) = (2 - 2.5 z^-1) / (1 - 2.5 z^-1 + z^-2)
     = 1/(1 - 0.5 z^-1) + 1/(1 - 2 z^-1)
```

ಮೊದಲು ಎರಡನೇ ತುಂಡನ್ನು ಮಾತ್ರ ನೋಡಿ. 2^n u[n] ತಗೊಂಡರೆ ಝಡ್-ಟ್ರಾನ್ಸ್‌ಫಾರ್ಮ್ ಮೊತ್ತ 1 + 2/z + 4/z² + … ಹೀಗೆ ಹೋಗುತ್ತದೆ. ಇದು ಮುಗಿಯುವ ಸಂಖ್ಯೆಯಾಗಬೇಕಾದರೆ |2/z| < 1 ಇರಬೇಕು, ಅಂದರೆ |z| > 2. ಮೊತ್ತ 1/(1 - 2z^-1). ಈಗ -2^n u[-n-1] ತಗೊಳ್ಳಿ. ಇದು n = -1ರಿಂದ ಹಿಂದಕ್ಕೆ ಮಾತ್ರ ಇದೆ: -0.5, -0.25, -0.125… ಇದರ ಮೊತ್ತ -(z/2 + z²/4 + …). ಇದು ಕೂಡುವುದು |z| < 2 ಆದಾಗ. ಕೂಡಿ ನೋಡಿ, -(z/2)/(1 - z/2) ಬರುತ್ತದೆ. ಸರಿಮಾಡಿ ಬರೆದರೆ ಮತ್ತೆ ಅದೇ 1/(1 - 2z^-1)! ಸೂತ್ರ ಒಂದೇ, ಸಿಗ್ನಲ್ ಬೇರೆ. ಅವೆರಡನ್ನು ಬೇರೆ ಮಾಡುವುದು ಆರ್‌ಒಸಿ ಮಾತ್ರ.

ಮೊತ್ತ ಕೂಡುತ್ತದೋ ಇಲ್ಲವೋ ಅನ್ನುವುದು |z| ಮೇಲೆ ಮಾತ್ರ ನಿಂತಿದೆ, z ಯಾವ ಕೋನದಲ್ಲಿದೆ ಎಂಬುದರ ಮೇಲಲ್ಲ. ಅದಕ್ಕೇ ಆರ್‌ಒಸಿ ಯಾವಾಗಲೂ ಮೂಲಬಿಂದುವಿನ ಸುತ್ತ ಉಂಗುರದ ಆಕಾರದಲ್ಲಿರುತ್ತದೆ, ಅದರ ಅಂಚು ಪೋಲ್ ಮೇಲೆ ಹಾದುಹೋಗುತ್ತದೆ.

ಪೋಲ್ ಎರಡು, ಪ್ರತಿಯೊಂದಕ್ಕೂ ಬಲಗಡೆಯದ್ದೋ ಎಡಗಡೆಯದ್ದೋ ಅಂತ ಎರಡು ಆಯ್ಕೆ. ಹಾಗಾದರೆ ನಾಲ್ಕು ಬರಬೇಕಿತ್ತಲ್ಲ, ಮೂರೇ ಏಕೆ? 2ರ ತುಂಡನ್ನು ಬಲಗಡೆಗೆ, 0.5ರ ತುಂಡನ್ನು ಎಡಗಡೆಗೆ ಹಾಕಿ ನೋಡಿ. ಒಂದು |z| > 2 ಕೇಳುತ್ತದೆ, ಇನ್ನೊಂದು |z| < 0.5 ಕೇಳುತ್ತದೆ. ಎರಡಕ್ಕೂ ಒಪ್ಪುವ z ಒಂದೂ ಇಲ್ಲ. ಆ ಸಿಗ್ನಲ್‌ಗೆ ಝಡ್-ಟ್ರಾನ್ಸ್‌ಫಾರ್ಮೇ ಇಲ್ಲ. ಉಳಿದವು ಇವು:

```
|z| > 2        : h[n] = (0.5^n + 2^n) u[n]
0.5 < |z| < 2  : h[n] = 0.5^n u[n] - 2^n u[-n-1]
|z| < 0.5      : h[n] = -(0.5^n + 2^n) u[-n-1]
```

ಈಗ ಸ್ಟೆಬಿಲಿಟಿ. ಇನ್‌ಪುಟ್ ಮಿತಿಯಲ್ಲಿದ್ದರೆ ಔಟ್‌ಪುಟ್ ಕೂಡ ಮಿತಿಯಲ್ಲಿರಬೇಕು, ಅಷ್ಟೇ ಬೇಡಿಕೆ. ಅದಕ್ಕೆ |h[n]| ಎಲ್ಲ ಕೂಡಿದರೆ ಮುಗಿಯುವ ಸಂಖ್ಯೆ ಬರಬೇಕು. ಝಡ್-ಟ್ರಾನ್ಸ್‌ಫಾರ್ಮ್ ಮೊತ್ತದಲ್ಲಿ |z| = 1 ಹಾಕಿದರೆ ಪದಗಳ ಗಾತ್ರ ಅದೇ |h[n]| ಆಗುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಆರ್‌ಒಸಿ ಒಳಗೆ ಯುನಿಟ್ ಸರ್ಕಲ್ ಇದೆಯಾ? ಮಧ್ಯದ ಉಂಗುರದಲ್ಲಿ ಇದೆ. ಕೂಡಿಯೇ ನೋಡಬಹುದು. ಬಲಗಡೆಯಿಂದ 1 + 0.5 + 0.25 + … = 2, ಎಡಗಡೆಯಿಂದ 0.5 + 0.25 + … = 1. ಒಟ್ಟು 3. ಅಂದರೆ ಇನ್‌ಪುಟ್ -1 ಮತ್ತು 1ರ ನಡುವೆ ಇದ್ದರೆ ಔಟ್‌ಪುಟ್ ಯಾವತ್ತೂ -3ರಿಂದ 3 ದಾಟುವುದಿಲ್ಲ. ಪೋಲ್ 2ರಲ್ಲಿ ಇದ್ದೂ ಸ್ಟೇಬಲ್!

"ಪೋಲ್‌ಗಳೆಲ್ಲ ಯುನಿಟ್ ಸರ್ಕಲ್ ಒಳಗಿರಬೇಕು" ಅನ್ನುವ ನಿಯಮ ಸುಳ್ಳಲ್ಲ. ಆದರೆ ಅದು ಕಾಸಲ್ ಸಿಸ್ಟಮ್‌ಗೆ ಮಾತ್ರ. ಕಾಸಲ್ ಅಂದರೆ n < 0 ಇದ್ದಾಗ h[n] = 0. ಆಗ ಆರ್‌ಒಸಿ ಅತಿ ಹೊರಗಿನ ಪೋಲ್‌ನಿಂದ ಆಚೆಗೆ ಇರುತ್ತದೆ, ನಮ್ಮಲ್ಲಿ |z| > 2. ಅದರೊಳಗೆ ಯುನಿಟ್ ಸರ್ಕಲ್ ಬರಬೇಕಾದರೆ ಎಲ್ಲ ಪೋಲ್‌ಗಳೂ ಒಳಗೇ ಇರಬೇಕು. ಪಾಠದಲ್ಲಿ ಹೆಚ್ಚಿನ ಸಲ ಈ "ಕಾಸಲ್ ಆದರೆ" ಅನ್ನುವ ಷರತ್ತು ಬಾಯಲ್ಲೇ ಉಳಿದುಬಿಡುತ್ತದೆ. ನಿಮಗೆ ಗೊಂದಲ ಆಗಿರುವುದು ಅಲ್ಲೇ ಅನಿಸುತ್ತದೆ.

ಸಾಫ್ಟ್‌ವೇರ್ ಕೂಡ ನಿಮ್ಮನ್ನು ಕೇಳದೆ ಕಾಸಲ್ ಅಂತಲೇ ತಗೊಳ್ಳುತ್ತದೆ:

```python
from scipy.signal import lfilter
print(lfilter([2, -2.5], [1, -2.5, 1], [1, 0, 0, 0]))
```

ಬರುವ ಸಂಖ್ಯೆಗಳು 2, 2.5, 4.25, 8.125. ಇದು 0.5^n + 2^n, ಅಂದರೆ ಮೊದಲ ಸಾಲು, ಸ್ಫೋಟವಾಗುವ ಸಿಸ್ಟಮ್. ಇದನ್ನು ನೋಡಿ "ಈ H(z) ಅನ್‌ಸ್ಟೇಬಲ್" ಅಂತ ಬರೆದುಬಿಡಬೇಡಿ. ಈ ಕಾಸಲ್ ಸಿಸ್ಟಮ್ ಅನ್‌ಸ್ಟೇಬಲ್, ಅಷ್ಟೇ.

ಮಧ್ಯದ ಸಿಸ್ಟಮ್ ಬರೀ ಪರೀಕ್ಷೆಗೆ ಅಂತ ಇರುವುದಾ? ಅಲ್ಲ. ಒಂದು ಚಾನೆಲ್‌ನಲ್ಲಿ ನೇರವಾಗಿ ಬರುವ ಸಿಗ್ನಲ್‌ಗಿಂತ ಒಂದು ಸ್ಯಾಂಪಲ್ ತಡವಾಗಿ ಬರುವ ಪ್ರತಿಧ್ವನಿ ಜೋರಾಗಿದೆ ಅಂದುಕೊಳ್ಳಿ, 1 - 2z^-1 ಥರ. ಅದರ ಪರಿಣಾಮ ತೆಗೆಯಲು ಹೊರಟರೆ 1/(1 - 2z^-1) ಎದುರಿಗೆ ಬಂದೇ ಬರುತ್ತದೆ. ಸಿಗ್ನಲ್ ಪೂರ್ತಿ ರೆಕಾರ್ಡ್ ಆಗಿದ್ದರೆ ಕಷ್ಟವಿಲ್ಲ. ರೆಕಾರ್ಡ್ ಆದದ್ದು x[n], ನಮಗೆ ಬೇಕಾದದ್ದು v[n]. v[n] = 2v[n-1] + x[n] ಅನ್ನುವುದನ್ನು ತಿರುಗಿಸಿ v[n-1] = (v[n] - x[n])/2 ಅಂತ ಬರೆದು, ಕೊನೆಯ ಸ್ಯಾಂಪಲ್‌ನಿಂದ ಹಿಂದಕ್ಕೆ ಬನ್ನಿ. ಮುಂದಕ್ಕೆ ಹೋದರೆ ಪ್ರತಿ ಹೆಜ್ಜೆಗೂ ತಪ್ಪು ಎರಡು ಪಟ್ಟಾಗುತ್ತಿತ್ತು, ಹಿಂದಕ್ಕೆ ಬಂದರೆ ಅರ್ಧವಾಗುತ್ತದೆ. ನಮ್ಮ ಮಧ್ಯದ ಸಿಸ್ಟಮ್‌ನಲ್ಲಾದರೆ 0.5ರ ಭಾಗವನ್ನು ಎಂದಿನಂತೆ ಮುಂದಕ್ಕೆ ನಡೆಸಿ ಎರಡನ್ನೂ ಕೂಡಿದರೆ ಮುಗಿಯಿತು.

ಸಿಗ್ನಲ್ ಲೈವ್ ಆಗಿ ಬರುತ್ತಿದ್ದರೆ ಮುಂದಿನ ಸ್ಯಾಂಪಲ್ ಕೈಯಲ್ಲಿ ಇರುವುದಿಲ್ಲ. ಆಗ ಎಡಗಡೆಯ ಬಾಲವನ್ನು ಕತ್ತರಿಸಿ, ಉಳಿದದ್ದನ್ನು ತಡಮಾಡಬೇಕು. n = -10ರವರೆಗೆ ಇಟ್ಟುಕೊಂಡರೆ ಬಿಟ್ಟ ಭಾಗದ ಒಟ್ಟು ಗಾತ್ರ 2^-10, ಹತ್ತಿರ ಹತ್ತಿರ 0.001. ಸೆಕೆಂಡಿಗೆ 8000 ಸ್ಯಾಂಪಲ್ ಇದ್ದರೆ 10 ಸ್ಯಾಂಪಲ್ ತಡ ಅಂದರೆ 1.25 ಮಿಲಿಸೆಕೆಂಡ್. ಒಳ್ಳೆಯ ವ್ಯಾಪಾರ. ಆದರೆ ಪೋಲ್ 2ರ ಬದಲು 1.01ರಲ್ಲಿದ್ದರೆ ಬಾಲ ತುಂಬಾ ಉದ್ದ, ತಡವೂ ಅಷ್ಟೇ ಜಾಸ್ತಿ. ಪೋಲ್ ಸರಿಯಾಗಿ ಯುನಿಟ್ ಸರ್ಕಲ್ ಮೇಲೇ ಕೂತಿದ್ದರೆ ಯಾವ ಆರ್‌ಒಸಿ ತಗೊಂಡರೂ ಸ್ಟೇಬಲ್ ಆಗುವುದಿಲ್ಲ, ಏಕೆಂದರೆ ಪೋಲ್ ಆರ್‌ಒಸಿ ಒಳಗೆ ಇರುವ ಹಾಗಿಲ್ಲ.

ಕೊನೆಗೆ, ಪರೀಕ್ಷೆಯಲ್ಲಿ ಅಂಕ ಹೋಗುವ ಜಾಗ. "ಆರ್‌ಒಸಿ ಹೊರಗಡೆಗಿದೆ, ಹಾಗಾಗಿ ಕಾಸಲ್" ಅಂತ ಬರೆಯುವುದು ಸಾಲದು. z²/(z - 0.5) ನೋಡಿ, ಆರ್‌ಒಸಿ |z| > 0.5. ಇದರ h[n] = 0.5^(n+1) u[n+1], ಅಂದರೆ n = -1ರಲ್ಲೇ 1 ಇದೆ. ಬಲಗಡೆಯದ್ದು ಹೌದು, ಕಾಸಲ್ ಅಲ್ಲ. z ಅನಂತಕ್ಕೆ ಹೋದಾಗ ಇದೂ ಅನಂತಕ್ಕೆ ಹೋಗುತ್ತದೆ, ಹಾಗಾಗಿ ಅನಂತ ಆರ್‌ಒಸಿಯಲ್ಲಿ ಇಲ್ಲ. ಪತ್ತೆ ಮಾಡುವುದು ಸುಲಭ: z ಘಾತಗಳಲ್ಲಿ ಬರೆದು, ಮೇಲಿನ ಡಿಗ್ರಿ ಕೆಳಗಿನದಕ್ಕಿಂತ ಜಾಸ್ತಿ ಇದೆಯಾ ನೋಡಿ. ಇದ್ದರೆ ಕಾಸಲ್ ಅಲ್ಲ.