ಮಿನಿಮಮ್ ಕಟ್ಟಿದ್ದೀನಲ್ಲ, ಮತ್ತೆ ಇಷ್ಟೊಂದು ಬಡ್ಡಿ ಯಾಕೆ?

ಪ್ರಶ್ನೆ: ಮೇ 20ಕ್ಕೆ ಕ್ರೆಡಿಟ್ ಕಾರ್ಡ್‌ನಲ್ಲಿ 40,000 ರೂಪಾಯಿಯ ಫ್ರಿಡ್ಜ್ ತಗೊಂಡೆ. ಬಿಲ್ ಬಂದಿದ್ದು ಜೂನ್ 15ಕ್ಕೆ, ಡ್ಯೂ ಡೇಟ್ ಜುಲೈ 5. ಅವತ್ತೇ ಮಿನಿಮಮ್ 2,000 ಕಟ್ಟಿದೆ. ಜೂನ್ 25ಕ್ಕೆ 3,000 ರೂಪಾಯಿ ದಿನಸಿ ತಂದಿದ್ದು ಬಿಟ್ಟರೆ ಬೇರೆ ಖರ್ಚಿಲ್ಲ. ಬಡ್ಡಿ ತಿಂಗಳಿಗೆ 3.5% ಅಂತಾರೆ, ಉಳಿದ 38,000ಕ್ಕೆ 1,330 ಆಗಬೇಕು ತಾನೇ? ಜುಲೈ 15ರ ಬಿಲ್‌ನಲ್ಲಿ ಬಡ್ಡಿ 2,624, ಅದರ ಮೇಲೆ ಜಿಎಸ್‌ಟಿ 472 ಹಾಕಿದ್ದಾರೆ. ಬ್ಯಾಂಕಿನವರು ತಪ್ಪು ಮಾಡಿದ್ದಾರಾ?

ಉತ್ತರ: ಇಲ್ಲ, ಲೆಕ್ಕ ಸರಿಯಾಗೇ ಇದೆ. ಆದರೆ ಈ ಲೆಕ್ಕ ಹೇಗೆ ನಡೆಯುತ್ತೆ ಅಂತ ಕಾರ್ಡ್ ಕೊಡುವಾಗ ಯಾರೂ ಕೂರಿಸಿ ಹೇಳುವುದಿಲ್ಲ. ನನಗೆ ಬೇಜಾರಾಗುವುದು ಅದಕ್ಕೇ.

ನಿಮ್ಮ ಬಿಲ್ಲಿನ ತಿಂಗಳು 16ಕ್ಕೆ ಶುರುವಾಗಿ ಮುಂದಿನ ತಿಂಗಳ 15ಕ್ಕೆ ಮುಗಿಯುತ್ತದೆ. ಆಮೇಲೆ ಹಣ ಕಟ್ಟಲು 20 ದಿನ. ಹಾಗಾಗಿ ಮೇ 16ಕ್ಕೆ ತಗೊಂಡ ವಸ್ತುವಿಗೆ ಬಡ್ಡಿಯಿಲ್ಲದೆ 50 ದಿನ ಸಿಗುತ್ತದೆ, ಜೂನ್ 15ಕ್ಕೆ ತಗೊಂಡಿದ್ದಕ್ಕೆ ಬರೀ 20 ದಿನ. ಈ ಸೌಲಭ್ಯಕ್ಕೆ ಒಂದೇ ಷರತ್ತು, ಬಿಲ್ಲಿನ ಪೂರ್ತಿ ಮೊತ್ತ ಡ್ಯೂ ಡೇಟ್ ಒಳಗೆ ಕಟ್ಟಿರಬೇಕು. ಸ್ವಲ್ಪ ಬಾಕಿ ಉಳಿಸಿದರೂ ಆ ದಿನಗಳ ರಿಯಾಯಿತಿ ಹೋಗುತ್ತದೆ, ಬಡ್ಡಿಯನ್ನು ಡ್ಯೂ ಡೇಟ್‌ನಿಂದಲ್ಲ, ನೀವು ಕಾರ್ಡ್ ಉಜ್ಜಿದ ದಿನದಿಂದಲೇ ಎಣಿಸುತ್ತಾರೆ.

ನಿಮ್ಮ ಫ್ರಿಡ್ಜ್‌ನದೇ ನೋಡಿ. ತಿಂಗಳಿಗೆ 3.5% ಅಂದರೆ ವರ್ಷಕ್ಕೆ 42%. 40,000ಕ್ಕೆ ದಿನಕ್ಕೆ ಸುಮಾರು 46 ರೂಪಾಯಿ. ಮೇ 20ರಿಂದ ಜುಲೈ 5ರವರೆಗೆ 46 ದಿನ, ಅಲ್ಲಿಗೆ 2,117 ಆಯಿತು. ಜುಲೈ 5ಕ್ಕೆ 2,000 ಕಟ್ಟಿದಿರಿ, ಉಳಿದ 38,000ಕ್ಕೆ 15ರವರೆಗಿನ 10 ದಿನಕ್ಕೆ 437. ಇನ್ನು ದಿನಸಿ. ಹಳೇ ಬಾಕಿ ಇರುವಾಗ ಹೊಸ ಖರ್ಚಿಗೂ ರಿಯಾಯಿತಿ ಇಲ್ಲ, ಆ 3,000ಕ್ಕೆ 20 ದಿನಕ್ಕೆ 69. ಪೈಸೆಗಳೂ ಸೇರಿ ಎಲ್ಲ ಒಟ್ಟು 2,624. ಬಡ್ಡಿಯ ಮೇಲೆ 18% ಜಿಎಸ್‌ಟಿ ಬೇರೆ. ನೀವು ಕಟ್ಟಿದ್ದು 2,000, ಮೇಲೆ ಬಿದ್ದಿದ್ದು 3,096. ಈಗ ನಿಮ್ಮ ಬಿಲ್ 44,096.

ಹಾಗಾದರೆ ಮಿನಿಮಮ್ ಯಾತಕ್ಕೆ ಅಂತ ಕೇಳಬಹುದು. ಅದನ್ನು ಕಟ್ಟಿದರೆ ಲೇಟ್ ಫೀ ಬೀಳುವುದಿಲ್ಲ, ಕಂತು ತಪ್ಪಿಸಿದವರು ಅಂತ ಕ್ರೆಡಿಟ್ ಬ್ಯೂರೋಗೆ ವರದಿ ಹೋಗುವುದಿಲ್ಲ. ಅಷ್ಟೇ. ಬಡ್ಡಿ ತಪ್ಪಿಸುವ ಕೆಲಸ ಅದರದ್ದಲ್ಲ. ಸಾಮಾನ್ಯವಾಗಿ ಅದು ಬಾಕಿಯ 5%ರ ಆಸುಪಾಸು ಇರುತ್ತದೆ, ಬಡ್ಡಿಯೇ ತಿಂಗಳಿಗೆ 3.5% ಜೊತೆಗೆ ಜಿಎಸ್‌ಟಿ ಇರುವಾಗ ಅಸಲು ಕರಗುವುದು ಎಷ್ಟು ಹೇಳಿ?

ಈಗ ಮಾಡಬೇಕಾದ್ದು. ಮೊದಲು ಆ ಕಾರ್ಡ್ ಒಳಗಿಡಿ, ಹಾಲು ಮೊಸರಿಗೂ ಉಜ್ಜಬೇಡಿ, ಯಾಕಂದ್ರೆ ಅದಕ್ಕೂ ಅವತ್ತಿಂದಲೇ ಬಡ್ಡಿ. ಎಟಿಎಂನಲ್ಲಿ ಹಣ ತೆಗೆಯುವುದಂತೂ ಬೇಡವೇ ಬೇಡ, ಅದಕ್ಕೆ ಬಾಕಿ ಇಲ್ಲದಿದ್ದರೂ ಮೊದಲ ದಿನದಿಂದಲೇ ಬಡ್ಡಿ ಓಡುತ್ತದೆ. ಆಮೇಲೆ ಮುಂದಿನ ಡ್ಯೂ ಡೇಟ್ ಆಗಸ್ಟ್ 5 ಅಂತ ಕಾಯುತ್ತಾ ಕೂರಬೇಡಿ. ಬಾಕಿ ಇರುವವರಿಗೆ ಆ ತಾರೀಖಿನಿಂದ ಬಡ್ಡಿಯಲ್ಲಿ ಏನೂ ಉಳಿಯುವುದಿಲ್ಲ, ದಿನಕ್ಕೆ 47 ರೂಪಾಯಿ ಹೋಗುತ್ತಲೇ ಇರುತ್ತದೆ. ಕೈಗೆ ಹಣ ಬಂದ ದಿನವೇ, ಬಂದಷ್ಟನ್ನು ಕಟ್ಟಿ. ಎಫ್‌ಡಿ ಇದ್ದರೆ ಮುರಿಯಲು ಹಿಂದೆಮುಂದೆ ನೋಡಬೇಡಿ, 42% ಬಡ್ಡಿ ಕಟ್ಟಿಕೊಂಡು ಎಫ್‌ಡಿ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಅದೂ ಇಲ್ಲದಿದ್ದರೆ ಬ್ಯಾಂಕಿನಲ್ಲಿ ಒಡವೆ ಸಾಲ ತಗೊಂಡು ಇದನ್ನು ತೀರಿಸಿದರೂ ಬಡ್ಡಿ ಎಷ್ಟೋ ಕಡಿಮೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ತಿಂಗಳು ಗಾಬರಿಯಾಗುತ್ತೀರಿ. ಆಗಸ್ಟ್ 5ಕ್ಕೆ ಪೂರ್ತಿ 44,096 ಕಟ್ಟಿದರೂ ಆಗಸ್ಟ್ 15ರ ಬಿಲ್ ಸೊನ್ನೆ ಬರುವುದಿಲ್ಲ. ಜುಲೈ 15ರಿಂದ ನೀವು ಕಟ್ಟುವ ದಿನದವರೆಗಿನ ಬಡ್ಡಿ, ಸುಮಾರು 990 ಮತ್ತು ಜಿಎಸ್‌ಟಿ, ಅದರಲ್ಲಿ ಬರುತ್ತದೆ. ತುಂಬಾ ಜನ ಇದನ್ನು ನೋಡದೆ ಬಿಡುತ್ತಾರೆ, ಅದು ಮತ್ತೆ ಬಾಕಿಯಾಗಿ ಕೂರುತ್ತದೆ. ಆ ಬಿಲ್ಲನ್ನೂ ಪೂರ್ತಿ ಕಟ್ಟಿ, ಆಮೇಲಿನ ಬಿಲ್ಲಿನಲ್ಲಿ ಬಡ್ಡಿಯ ಸಾಲು ಇಲ್ಲ ಅಂತ ಕಣ್ಣಾರೆ ನೋಡಿ, ಆಮೇಲೆ ಕಾರ್ಡ್ ಹೊರಗೆ ತೆಗೆಯಿರಿ.

ಹಾಗೇ ನಿಮ್ಮ ಆಟೋ ಪೇ ಒಮ್ಮೆ ತೆರೆದು ನೋಡಿ. ಅದರಲ್ಲಿ ಮಿನಿಮಮ್ ಅಮೌಂಟ್ ಅಂತ ಆಯ್ಕೆಯಾಗಿದ್ದರೆ ಟೋಟಲ್ ಅಮೌಂಟ್‌ಗೆ ಬದಲಾಯಿಸಿ. ಸಂಬಳ ಬರುವುದು ಡ್ಯೂ ಡೇಟ್ ಆದ ಮೇಲಾದರೆ ಬಿಲ್ಲಿನ ತಾರೀಖನ್ನೇ ಬದಲಿಸಿಕೊಡಿ ಅಂತ ಬ್ಯಾಂಕಿಗೆ ಕೇಳಬಹುದು, ಕನಿಷ್ಠ ಒಂದು ಸಲ ಬದಲಿಸಿಕೊಡಲೇಬೇಕು ಅಂತ ಆರ್‌ಬಿಐ ನಿಯಮವೇ ಇದೆ.