30 ಪ್ರಶ್ನೆ ಸಿಕ್ಕಿದರೆ 30 ವಿಡಿಯೊ ಆಗುವುದಿಲ್ಲ

ಪ್ರಶ್ನೆ: ಪಹಣಿ ಬಗ್ಗೆ ವಿಡಿಯೊ ಸರಣಿ ಮಾಡ್ತಿದ್ದೇನೆ. ಗೂಗಲ್‌ನ People also ask ಬಾಕ್ಸ್ ನೋಡಿ 30 ಪ್ರಶ್ನೆ ಬರೆದುಕೊಂಡೆ, ಒಂದೊಂದಕ್ಕೂ ಒಂದು ವಿಡಿಯೊ ಅಂದುಕೊಂಡೆ. ನಾಲ್ಕನೆಯದಕ್ಕೇ ಹೇಳಿದ್ದನ್ನೇ ಹೇಳ್ತಿದ್ದೇನೆ ಅನ್ನಿಸಿತು. ಟೈಟಲ್ ಹೇಗೆ ಆರಿಸಲಿ?

ಉತ್ತರ: ಆ ಬಾಕ್ಸಿನಲ್ಲಿ ಮೊದಲು ಸಾಮಾನ್ಯವಾಗಿ ನಾಲ್ಕು ಪ್ರಶ್ನೆ ಇರುತ್ತವೆ. ಒಂದನ್ನು ಒತ್ತಿದರೆ ಅದಕ್ಕೆ ಹತ್ತಿರದ ಇನ್ನೆರಡು ಮೂರು ಕೆಳಗೆ ಬಂದು ಸೇರುತ್ತವೆ. ಒಂದೇ ಜಾಡಿನಲ್ಲಿ ಒತ್ತುತ್ತಾ ಹೋದರೆ 30 ಆಗುವುದು ಕಷ್ಟವೇನಲ್ಲ, ಆದರೆ ಅದರಲ್ಲಿ ಎಷ್ಟೋ ಒಂದೇ ಮಾತಿನ ಬೇರೆ ಬೇರೆ ರೂಪ.

ಅದಕ್ಕೇ ಪ್ರಶ್ನೆ ಎಣಿಸಬೇಡಿ, ಉತ್ತರ ಎಣಿಸಿ. ಪ್ರತಿ ಪ್ರಶ್ನೆಯ ಪಕ್ಕ ಒಂದೇ ಸಾಲಿನಲ್ಲಿ ಉತ್ತರ ಬರೆಯಿರಿ. 'ಪಹಣಿ ಅಂದರೇನು', 'ಆರ್‌ಟಿಸಿ ಅಂದರೇನು', 'ಎರಡೂ ಒಂದೇನಾ' ಮೂರಕ್ಕೂ ಒಂದೇ ಉತ್ತರ, ಹಾಗಾಗಿ ಒಂದೇ ವಿಡಿಯೊ. ಇನ್ನು 'ಪಹಣಿಯಲ್ಲಿ ಹೆಸರು ಬದಲಾಯಿಸುವುದು ಹೇಗೆ' ಅನ್ನೋದನ್ನು ನೋಡಿ. ಉತ್ತರ ಬರೆಯಲು ಕೂತರೆ ಒಂದು ಸಾಲಿಗೆ ಮುಗಿಯುವುದೇ ಇಲ್ಲ: ಮಾಲೀಕರು ತೀರಿಕೊಂಡಿದ್ದರೆ ಪೌತಿ ಖಾತೆ, ಜಮೀನು ಕೊಂಡಿದ್ದರೆ ನೋಂದಣಿಯ ನಂತರದ ಮ್ಯುಟೇಶನ್, ಹೆಸರಿನ ಅಕ್ಷರ ತಪ್ಪಿದ್ದರೆ ತಿದ್ದುಪಡಿ. ಬೇಕಾದ ಕಾಗದವೂ ಬೇರೆ, ನೋಡುವ ಜನರೂ ಬೇರೆ. ಹಾಗಾಗಿ ಇಲ್ಲಿ ಒಂದು ಪ್ರಶ್ನೆಗೆ ಮೂರು ವಿಡಿಯೊ. ನಿಮ್ಮ ಸರಣಿಯ ಜೀವ ಇರುವುದು ಇಂಥ ಪ್ರಶ್ನೆಗಳಲ್ಲೇ.

ಬಾಕ್ಸಿನ ಪ್ರಶ್ನೆಯನ್ನು ಹಾಗೇ ಟೈಟಲ್ ಮಾಡಬೇಡಿ. ಇಂಗ್ಲಿಷಿನಲ್ಲಿ ಹುಡುಕಿದರೆ 'How can I change name in RTC?' ಅಂತ ಬರಬಹುದು, ಆದರೆ ನಾಡಕಚೇರಿಯ ಸಾಲಿನಲ್ಲಿ ನಿಂತವರು ಯಾರೂ ಹಾಗೆ ಕೇಳುವುದಿಲ್ಲ, 'ಅಪ್ಪ ತೀರಿಕೊಂಡ್ರು, ಪಹಣಿ ನಮ್ಮ ಹೆಸರಿಗೆ ಆಗ್ಬೇಕು' ಅಂತಾರೆ. ಆ ಮಾತಿನಿಂದಲೇ ಟೈಟಲ್ ಹುಟ್ಟಲಿ: 'ಪೌತಿ ಖಾತೆ: ಅಪ್ಪನ ಪಹಣಿ ಮಕ್ಕಳ ಹೆಸರಿಗೆ ಮಾಡಿಸುವುದು ಹೇಗೆ?' ಯೂಟ್ಯೂಬ್ ಟೈಟಲ್‌ಗೆ 100 ಅಕ್ಷರಗಳ ಮಿತಿ ಇದೆ, ಮೊಬೈಲ್‌ನಲ್ಲಿ ಅಷ್ಟೂ ಕಾಣುವುದಿಲ್ಲ. ಮುಖ್ಯ ಪದ ಮೊದಲೇ ಇರಲಿ. ಜನ ಯಾವ ಪದ ಟೈಪ್ ಮಾಡ್ತಾರೆ ಅಂತ ಗೊತ್ತಾಗಬೇಕಾದರೆ ಯೂಟ್ಯೂಬ್ ಹುಡುಕಾಟದಲ್ಲಿ 'ಪೌತಿ ಖಾತೆ' ಅಂತಲೂ 'pouti khata' ಅಂತಲೂ ಅರ್ಧ ಬರೆದು ನಿಲ್ಲಿಸಿ, ಕೆಳಗೆ ಏನೇನು ಬರುತ್ತೆ ನೋಡಿ. ಒಂದು ಪ್ರಶ್ನೆಯನ್ನು ಎಷ್ಟು ಜನ ಕೇಳ್ತಾರೆ ಅಂತ ಬಾಕ್ಸ್ ಹೇಳುವುದಿಲ್ಲ, ಅದಕ್ಕೇ ಈ ಎರಡನೇ ನೋಟ ಬೇಕು.

ಇನ್ನೊಂದು ಎಚ್ಚರಿಕೆ. ಪಹಣಿ ಅನ್ನೋ ಪದ ತೆಲಂಗಾಣದಲ್ಲೂ ಇದೆ. ಪ್ರಶ್ನೆ ತೆರೆದಾಗ ಉತ್ತರದ ಕೆಳಗಿನ ವೆಬ್‌ಸೈಟ್ ಯಾವುದು ನೋಡಿ, ಅಲ್ಲಿಯದಾದರೆ ಪಟ್ಟಿಯಿಂದ ತೆಗೆಯಿರಿ. ಅಲ್ಲಿನ ಕ್ರಮ ನಮ್ಮ ರೈತರಿಗೆ ಹೇಳಿದರೆ ಸುಮ್ನೆ ಅಲೆದಾಟ, ಅಲ್ವಾ?

'ಪಹಣಿಯಲ್ಲಿ ಸಾಲ ಎಲ್ಲಿ ಕಾಣುತ್ತೆ' ಥರದ್ದು, ಅಂದರೆ '11ನೇ ಕಾಲಂ' ಅಂದರೆ ಮುಗಿಯುವಂಥದ್ದು, ಪಹಣಿ ಓದುವುದು ಹೇಗೆ ಅನ್ನೋ ವಿಡಿಯೊದೊಳಗೆ ಒಂದು ಅಧ್ಯಾಯ ಆಗಲಿ. ಅಧ್ಯಾಯಗಳು ಕಾಣಬೇಕಾದರೆ ವಿಡಿಯೊದ ವಿವರಣೆಯಲ್ಲಿ 0:00ರಿಂದ ಶುರು ಮಾಡಿ ಕನಿಷ್ಠ ಮೂರು ಸಮಯ, ಪಕ್ಕದಲ್ಲಿ ಆ ಭಾಗದ ಹೆಸರು ಬರೆಯಿರಿ. ಒಂದೊಂದು ಭಾಗವೂ 10 ಸೆಕೆಂಡಿಗೆ ಕಡಿಮೆ ಇರಬಾರದು.