ರೈಸ್ ಕುಕ್ಕರ್ ವಾರ್ಮ್‌ಗೆ ಬೇಗ ಬೀಳೋದು, ಅಥವಾ ಬೀಳದೇ ಇರೋದು

ಪ್ರಶ್ನೆ: ನಮ್ಮ ಕುಕ್ಕರ್ ಒಂದೊಂದು ಸಲ ಅನ್ನ ಅರ್ಧ ಬೆಂದಾಗಲೇ ವಾರ್ಮ್‌ಗೆ ಬೀಳುತ್ತೆ. ಒಂದೊಂದು ಸಲ ತಳ ಹಿಡಿದರೂ ಬೀಳಲ್ಲ. ಥರ್ಮೋಸ್ಟಾಟ್ ಹೋಗಿದೆಯಾ?

ನಾನು ಗಂಗಾವತಿಯಲ್ಲಿ ಮಿಕ್ಸಿ, ಕುಕ್ಕರ್ ರಿಪೇರಿ ಮಾಡುತ್ತೇನೆ. ಥರ್ಮೋಸ್ಟಾಟ್ ಬದಲಿಸುವ ಮೊದಲು ಪಾತ್ರೆ ಎತ್ತಿ ಪ್ಲೇಟ್ ನೋಡಿ.

ಪ್ಲೇಟ್ ನಡುವೆ ಸ್ಪ್ರಿಂಗ್ ಮೇಲೆ ಕೂತ ಒಂದು ಗುಂಡಿ ಇದೆ, ಅಲ್ವಾ? ಅದೇ ಥರ್ಮೋಸ್ಟಾಟ್. ಅದರೊಳಗೆ ಅಯಸ್ಕಾಂತ ಮತ್ತು ಅದು ಅಂಟಿಕೊಳ್ಳುವ ಒಂದು ಬಿಲ್ಲೆ ಇರುತ್ತವೆ. ನೀವು ಲಿವರ್ ಒತ್ತಿದಾಗ ಎರಡೂ ಅಂಟಿಕೊಳ್ಳುತ್ತವೆ. ಪಾತ್ರೆಯಲ್ಲಿ ನೀರು ಇರುವವರೆಗೆ ತಳದ ಬಿಸಿ 100 ಡಿಗ್ರಿ ಆಸುಪಾಸಲ್ಲೇ ನಿಲ್ಲುತ್ತದೆ. ನೀರು ಇಂಗಿದ ಮೇಲೆ ಬಿಸಿ ಏರುತ್ತದೆ. ಸುಮಾರು 103 ಡಿಗ್ರಿಗೆ ಆ ಬಿಲ್ಲೆ ಅಯಸ್ಕಾಂತಕ್ಕೆ ಅಂಟುವ ಗುಣ ಕಳೆದುಕೊಳ್ಳುತ್ತದೆ, ಸ್ಪ್ರಿಂಗ್ ಅಯಸ್ಕಾಂತವನ್ನು ಕೆಳಗೆಳೆಯುತ್ತದೆ, ಲಿವರ್ ಟಕ್ ಅಂತ ಬೀಳುತ್ತದೆ. ಗುಂಡಿಗೆ ಅನ್ನ ಬೆಂದಿದ್ದು ಗೊತ್ತಾಗಲ್ಲ, ತನಗೆ ತಾಗಿದ ಬಿಸಿ ಮಾತ್ರ ಗೊತ್ತಾಗುತ್ತದೆ.

ಹಾಗಾಗಿ ಪ್ಲೇಟ್ ಮೇಲೆ ಒಂದು ಒಣಗಿದ ಅಗುಳು ಇದ್ದರೂ ಸಾಕು. ಪಾತ್ರೆ ಒಂದು ಕಡೆ ಎತ್ತಿಕೊಳ್ಳುತ್ತದೆ. ಬಿಸಿ ನೀರಿಗೆ ಸರಿಯಾಗಿ ಹೋಗದೆ ಪ್ಲೇಟ್‌ನಲ್ಲೇ ಉಳಿದು ಗುಂಡಿಗೆ ತಟ್ಟುತ್ತದೆ. ಆಗ ಬೇಗ ಬೀಳುತ್ತದೆ. ಪಾತ್ರೆ ಬಿದ್ದು ತಳ ನೆಗ್ಗಿದ್ದರೂ ಹೀಗೇ. ಪಲಾವ್‌ಗೆ ಅದರಲ್ಲೇ ಒಗ್ಗರಣೆ ಹಾಕುವಾಗ ಬಿದ್ದರೆ ಮಾತ್ರ ಅದು ದೋಷ ಅಲ್ಲ. ಅಲ್ಲಿ ನೀರೇ ಇಲ್ಲ, ಎಣ್ಣೆ 103 ದಾಟಿಬಿಟ್ಟಿರುತ್ತದೆ.

ಬೀಳದೇ ಇರುವುದಕ್ಕೆ ನಾನು ಹೆಚ್ಚಾಗಿ ನೋಡುವ ಕಾರಣ ಗಂಜಿ. ನಮ್ಮ ಕಡೆ ಹೊಸ ಸೋನಾ ಮಸೂರಿ ಬಂದಾಗ ನೊರೆ ಜಾಸ್ತಿ, ಉಕ್ಕಿ ಪಾತ್ರೆಯ ಹೊರಗಿಂದ ಗುಂಡಿಯ ಸಂದಿಗೆ ಇಳಿಯುತ್ತದೆ. ಮೊನ್ನೆ ಸಿಂಧನೂರಿನಿಂದ ಬಂದ ಒಂದು ಕುಕ್ಕರ್‌ನಲ್ಲಿ ಆ ಗಂಜಿ ಕಂದು ಬಣ್ಣಕ್ಕೆ ತಿರುಗಿ, ಗೋಂದಿನಂತೆ ಗಟ್ಟಿಯಾಗಿತ್ತು. ಗುಂಡಿ ಒತ್ತಿದರೆ ಇಳಿಯುತ್ತಿತ್ತು, ಮೇಲೇಳಲು ಮಾತ್ರ ತಡವರಿಸುತ್ತಿತ್ತು. ಬಿಲ್ಲೆ ಬಿಟ್ಟುಕೊಟ್ಟರೂ ಒಳಗಿನ ಕಡ್ಡಿ ಜಾರುತ್ತಿರಲಿಲ್ಲ. ಅದನ್ನು ಕೆರೆದು ತೆಗೆದ ಮೇಲೆ ಯಾವ ಪಾರ್ಟ್ ಹಾಕದೆಯೇ ಸರಿಹೋಯಿತು.

ನೀವೂ ಹೀಗೆ ಮಾಡಿ. ಪ್ಲಗ್ ಕಿತ್ತು, ಪೂರ್ತಿ ಆರಲು ಬಿಡಿ. ಹಿಂಡಿದ ಒದ್ದೆ ಬಟ್ಟೆಯಿಂದ ಪ್ಲೇಟ್ ಒರೆಸಿ, ಹಳೇ ಟೂತ್‌ಬ್ರಷ್‌ನಿಂದ ಗುಂಡಿಯ ಸುತ್ತ ಉಜ್ಜಿ. ನೀರು ಸುರಿಯಬೇಡಿ. ಪಾತ್ರೆಯ ತಳ ಒರೆಸಿ ಇಟ್ಟು, ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಗಿಸಿ ಕೂರಿಸಿ.

ಆಮೇಲೆ ಅಕ್ಕಿ ಹಾಕದೆ ಒಂದು ಲೋಟ ನೀರು ಮಾತ್ರ ಹಾಕಿ ಹಚ್ಚಿ, ಪಕ್ಕದಲ್ಲೇ ಇರಿ. ನೀರು ಪೂರ್ತಿ ಇಂಗಿದ ಸ್ವಲ್ಪ ಹೊತ್ತಿಗೆ ಲಿವರ್ ಬಿದ್ದರೆ ಥರ್ಮೋಸ್ಟಾಟ್ ಚೆನ್ನಾಗಿದೆ. ನೀರಿರುವಾಗಲೇ ಬಿದ್ದರೆ ಪಾತ್ರೆ ಸರಿಯಾಗಿ ಕೂತಿಲ್ಲ, ಇಲ್ಲವೇ ಅಯಸ್ಕಾಂತ ಸೋತಿದೆ. ಇಂಗಿದ ಮೇಲೂ ಬೀಳದಿದ್ದರೆ ತಕ್ಷಣ ಪ್ಲಗ್ ಕಿತ್ತು ರಿಪೇರಿಗೆ ಕೊಡಿ. ಲಿವರ್ ಬಿದ್ದೂ ಪ್ಲೇಟ್ ಜೋರಾಗಿ ಕಾಯುತ್ತಲೇ ಇದ್ದರೆ ಸ್ವಿಚ್‌ನ ಪಾಯಿಂಟ್ ಸುಟ್ಟು ಅಂಟಿಕೊಂಡಿದೆ, ಅದನ್ನು ಬದಲಿಸಬೇಕು. ಒಳಗಿನ ಥರ್ಮಲ್ ಫ್ಯೂಸ್ ಹೋಗಿದ್ದರೆ ಅದೇ ಅಳತೆಯ ಹೊಸದನ್ನೇ ಹಾಕಿಸಿ. ವೈರ್ ಸೇರಿಸಿ ಕೊಡುತ್ತೇನೆ ಅಂದರೆ ಒಪ್ಪಬೇಡಿ, ಲಿವರ್ ಬೀಳದಿದ್ದ ದಿನ ಕುಕ್ಕರ್ ಸುಡದಂತೆ ತಡೆಯುವುದು ಆ ಫ್ಯೂಸ್ ಒಂದೇ.